ಪದಚರ್ಚೆ: "ಶ್ರೇಯಾಂಕಗಳ ಮೊತ್ತ" ಎಂದರೆ ಹೆಚ್ಚಿದ್ದವರು ಗೆದ್ದಂತೋ, ಕಡಿಮೆ ಇದ್ದವರೋ?

ಮೈಸೂರಿನಿಂದ

ಭಾವಗೀತೆ ಸ್ಪರ್ಧೆಯೊಂದರ ನಿಯಮಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಐವರು ತೀರ್ಪುಗಾರರು ಒಬ್ಬೊಬ್ಬರಾಗಿ ಗಾಯಕರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಬರೆದು ಕೊಡುತ್ತಾರೆ. ಆ ಐದು ಸಾಲುಗಳನ್ನು ಕೂಡಿಸಿ ಅಂತಿಮ ಸಾಲು ಮಾಡಬೇಕು. ಮೂಲದಲ್ಲಿ ಇದಕ್ಕೆ ಬೋರ್ಡಾ ಪದ್ಧತಿ ಎಂದಿದೆ. ನಾನು "ಶ್ರೇಯಾಂಕಗಳ ಮೊತ್ತ ಹೆಚ್ಚಿದ್ದವರು ವಿಜೇತರು" ಎಂದು ಬರೆದೆ. ಸರಿಯೇ? ಶ್ರೇಯಾಂಕ, ಸ್ಥಾನ, ಕ್ರಮಾಂಕ, ಇವುಗಳಲ್ಲಿ ಯಾವುದನ್ನು ಬಳಸಲಿ?

ಹುಬ್ಬಳ್ಳಿಯಿಂದ

ಶ್ರೇಯಾಂಕ ಬೇಡ್ರೀ. ಟೆನ್ನಿಸ್ ಸುದ್ದಿಯಾಗ "ಅಗ್ರ ಶ್ರೇಯಾಂಕದ ಆಟಗಾರ" ಅಂದ್ರ ಪಂದ್ಯ ಶುರುವಾಗೋ ಮೊದಲೇ ಕೊಟ್ಟಿರೋದು. ಕ್ರಮಾಂಕ ಅಂದ್ರ ಚೀಟಿ ನಂಬರ್ ಅನ್ಕೋತಾರ. ಇಷ್ಟೆಲ್ಲ ಯಾಕ, ನೂರಕ್ಕ ಇಷ್ಟು ಅಂತ ಅಂಕ ಹಾಕಿಸಿ ಕೂಡಿಸಿಬಿಟ್ರ ಆತಲ್ಲ?

ಬೆಂಗಳೂರಿನಿಂದ

ಅಂಕ ಕೂಡಿಸುವುದು ಬೇರೆಯದೇ ವಿಧಾನ. ಒಬ್ಬ ತೀರ್ಪುಗಾರ 40ರಿಂದ 95ರವರೆಗೆ ಅಂಕ ಹಾಕಿ, ಇನ್ನೊಬ್ಬರು ಎಲ್ಲರಿಗೂ 70ರಿಂದ 75ರೊಳಗೆ ಹಾಕಿದರೆ, ಮೊತ್ತವನ್ನು ನಿರ್ಧರಿಸುವವರು ಮೊದಲನೆಯವರು ಮಾತ್ರ. ಎರಡನೆಯವರು ಕೂತದ್ದೂ ಒಂದೇ, ಎದ್ದು ಹೋದದ್ದೂ ಒಂದೇ. ಸ್ಥಾನಗಳನ್ನು ಮಾತ್ರ ಕೇಳಿದರೆ ಎಲ್ಲರ ಮಾತಿಗೂ ಸಮ ತೂಕ ಬರುತ್ತದೆ. ಆದರೆ ಮೊದಲನೆಯವರಿಗೂ ಎರಡನೆಯವರಿಗೂ ಎಷ್ಟು ಅಂತರವಿತ್ತು ಎಂಬುದು ಕಳೆದುಹೋಗುತ್ತದೆ.

ಈಗ ಪದದ ಪ್ರಶ್ನೆ. ಮೈಸೂರಿನವರ ವಾಕ್ಯದಲ್ಲಿ ಅರ್ಥ ತಲೆಕೆಳಗಾಗಿದೆ. ಸ್ಥಾನಗಳನ್ನೇ ಕೂಡಿಸಿದರೆ ಕಡಿಮೆ ಮೊತ್ತದವರು ಗೆಲ್ಲುತ್ತಾರೆ. ಬೋರ್ಡಾ ಪದ್ಧತಿಯಲ್ಲಿ ಸ್ಥಾನವನ್ನು ಅಂಕವಾಗಿ ತಿರುಗಿಸುತ್ತಾರೆ: ಒಟ್ಟು ಸ್ಪರ್ಧಿಗಳ ಸಂಖ್ಯೆಯಿಂದ ಸ್ಥಾನವನ್ನು ಕಳೆದರೆ ಬರುವುದೇ ಅಂಕ. ಮೂವರಿದ್ದರೆ ಮೊದಲನೆಯವರಿಗೆ 2, ಎರಡನೆಯವರಿಗೆ 1, ಕೊನೆಯವರಿಗೆ 0. ಆಗ ಹೆಚ್ಚು ಅಂಕದವರು ಗೆಲ್ಲುತ್ತಾರೆ. ಎರಡು ದಾರಿಯಲ್ಲೂ ಸಿಗುವ ಸಾಲು ಒಂದೇ, ಆದರೆ ನಿಯಮದಲ್ಲಿ ಯಾವುದನ್ನು ಕೂಡಿಸುತ್ತೀರಿ ಎಂದು ಹೇಳಲೇಬೇಕು. ನಾನಾದರೆ "ಸ್ಥಾನ" ಮತ್ತು "ಸ್ಥಾನಕ್ಕೆ ಸಿಗುವ ಅಂಕ" ಎಂದು ಬೇರೆಬೇರೆ ಬರೆಯುತ್ತೇನೆ.

ಪುತ್ತೂರಿನಿಂದ

ನಮ್ಮಲ್ಲಿಯೂ ಇದೇ ರಗಳೆ ಮಾರಾಯ್ರೆ. ಹನ್ನೆರಡು ಮಂದಿ ಹಾಡುತ್ತಾರೆ, ತೀರ್ಪುಗಾರರು ಮೊದಲ ಮೂವರನ್ನು ಬರೆದು ಉಳಿದದ್ದು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರಿಗೆ ಸೊನ್ನೆ ಹಾಕುವುದೋ? ಕನ್ನಡದಲ್ಲಿ ಏನು ಹೇಳಿದರೂ ಸರಿ, ಲೆಕ್ಕ ಹೇಳಿ.

ಬೆಂಗಳೂರಿನಿಂದ

ಸೊನ್ನೆ ಹಾಕಬೇಡಿ. ಹನ್ನೆರಡು ಜನರಿದ್ದಾಗ ಬರೆದ ಮೂವರಿಗೆ 11, 10, 9. ಉಳಿದ ಒಂಬತ್ತು ಜನರ ಪಾಲಿಗೆ 8ರಿಂದ 0ವರೆಗಿನ ಅಂಕಗಳಿವೆ, ಒಟ್ಟು 36. ಒಬ್ಬೊಬ್ಬರಿಗೆ ಸಮನಾಗಿ 4 ಬರುತ್ತದೆ. ಸೊನ್ನೆ ಹಾಕುವ ನಿಯಮವಿದ್ದರೆ ಒಂದೇ ಹೆಸರು ಬರೆದು ಕೊಟ್ಟ ತೀರ್ಪುಗಾರನ ಕೈ ಮೇಲಾಗುತ್ತದೆ: ಅವನವನಿಗೆ 11, ಉಳಿದವರಿಗೆಲ್ಲ 0. ಸಮನಾಗಿ ಹಂಚಿದರೆ ಅದೇ ಚೀಟಿಯಲ್ಲಿ ಉಳಿದ ಹನ್ನೊಂದು ಜನರಿಗೆ ತಲಾ 5 ಸಿಗುತ್ತದೆ.

ಇಬ್ಬರನ್ನು ಸಮ ಎಂದು ಬರೆದಾಗಲೂ ಇದೇ ನ್ಯಾಯ. ಎರಡು ಮತ್ತು ಮೂರನೆಯ ಸ್ಥಾನ ಹಂಚಿಕೊಂಡವರಿಗೆ ತಲಾ 9.5. ಎಕ್ಸೆಲ್‌ನಲ್ಲಿ ತೀರ್ಪುಗಾರರ ಮೂಲ ಅಂಕಗಳಿಂದ ಬೋರ್ಡಾ ಅಂಕ ತೆಗೆಯುವುದಾದರೆ ಈ ಸೂತ್ರ ಸಾಕು:

```
=12-RANK.AVG(B2,B$2:B$13,0)
```

ಬರೀ `RANK` ಹಾಕಿದರೆ ಸಮ ಬಂದ ಇಬ್ಬರಿಗೂ 10 ಕೊಟ್ಟುಬಿಡುತ್ತದೆ. ತಪ್ಪು ಹಿಡಿಯುವುದು ಸುಲಭ: ಹನ್ನೆರಡು ಜನರಿದ್ದರೆ ಪ್ರತಿ ತೀರ್ಪುಗಾರನ ಕಾಲಂ ಕೂಡಿಸಿದಾಗ 66 ಬರಲೇಬೇಕು. 67 ಬಂತೆಂದರೆ ಎಲ್ಲೋ ಸಮ ಬಂದದ್ದನ್ನು ಸರಿಯಾಗಿ ಹಂಚಿಲ್ಲ.

ಮೈಸೂರಿನಿಂದ

ಪದ ತಿದ್ದಿಕೊಂಡೆ, ಧನ್ಯವಾದ. ಆದರೆ ಸಮಿತಿಯವರು ಇನ್ನೊಂದು ಕೇಳುತ್ತಿದ್ದಾರೆ. "ಬಹುಮತದ ತೀರ್ಪು" ಎಂದು ಪ್ರಕಟಿಸಬಹುದೇ?

ಬೆಂಗಳೂರಿನಿಂದ

ಖಂಡಿತ ಬೇಡ. ಒಂದು ಚಿಕ್ಕ ಲೆಕ್ಕ ನೋಡಿ. ಮೂವರು ತೀರ್ಪುಗಾರರು ಅ, ಬ, ಕ ಎಂದು ಬರೆದರು. ಇಬ್ಬರು ಬ, ಕ, ಅ ಎಂದು ಬರೆದರು. ಅ‍ಗೆ 6, ಬ‍ಗೆ 7, ಕ‍ಗೆ 2. ಗೆದ್ದದ್ದು ಬ. ಐವರಲ್ಲಿ ಮೂವರು ಮೊದಲ ಸ್ಥಾನ ಕೊಟ್ಟದ್ದು ಅ‍ಗೆ!

ಇನ್ನೂ ಕೆಟ್ಟದ್ದೇನೆಂದರೆ, ಕ ಯಾರ ಚೀಟಿಯಲ್ಲೂ ಬ‍ಗಿಂತ ಮೇಲಿಲ್ಲ. ಕ ಹಾಡಲು ಬರಲೇ ಇಲ್ಲ ಎನ್ನಿ: ಆಗ ಅ‍ಗೆ 3, ಬ‍ಗೆ 2, ಗೆಲ್ಲುವುದು ಅ. ಅಂದರೆ ಬ‍ಯನ್ನು ಕಳಿಸಿದ ಶಾಲೆ ಜೊತೆಗೆ ತುಸು ಕಡಿಮೆ ಹಾಡುವ ಕ‍ಯನ್ನೂ ಕಳಿಸಿದರೆ ಅದರಿಂದಲೇ ಬ‍ಗೆ ಲಾಭ. ಹಾಗಾಗಿ ಒಂದು ಶಾಲೆಯಿಂದ ಎಷ್ಟು ಜನ ಎಂಬ ಮಿತಿ ನಿಯಮದಲ್ಲಿರಬೇಕು.

ಇದು ಕಾಗದದ ಮೇಲಿನ ಚಿಂತೆ ಮಾತ್ರವಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಮಹಿಳಾ ಫಿಗರ್ ಸ್ಕೇಟಿಂಗ್‌ನಲ್ಲಿ ಮೊದಲ ಸುತ್ತಿನ ಸ್ಥಾನದ ಅರ್ಧವನ್ನು ಕೊನೆಯ ಸುತ್ತಿನ ಸ್ಥಾನಕ್ಕೆ ಕೂಡಿಸುತ್ತಿದ್ದರು, ಕಡಿಮೆ ಮೊತ್ತದವರಿಗೆ ಗೆಲುವು. ಕೊನೆಯವಳು ಇರಿನಾ ಸ್ಲುಟ್ಸ್ಕಾಯಾ ಇಳಿಯುವ ಮೊದಲು ಮಿಶೆಲ್ ಕ್ವಾನ್ 2.5, ಸಾರಾ ಹ್ಯೂಸ್ 3.0, ಕ್ವಾನ್ ಮುಂದಿದ್ದಳು. ಸ್ಲುಟ್ಸ್ಕಾಯಾ ಆ ಸುತ್ತಿನಲ್ಲಿ ಎರಡನೆಯವಳಾದಳು, ಕ್ವಾನ್ ಮೂರಕ್ಕೆ ಇಳಿದು 3.5 ಆಯಿತು. ಹ್ಯೂಸ್‌ ಮತ್ತು ಸ್ಲುಟ್ಸ್ಕಾಯಾ ಇಬ್ಬರದೂ 3.0, ಕೊನೆಯ ಸುತ್ತು ಗೆದ್ದ ಹ್ಯೂಸ್‌ಗೆ ಚಿನ್ನ. ಮೂರನೆಯವಳೊಬ್ಬಳು ಸ್ಕೇಟ್ ಮಾಡಿದ್ದರಿಂದ ಉಳಿದಿಬ್ಬರ ಹಿಂದುಮುಂದು ಬದಲಾಯಿತು.

ಹುಬ್ಬಳ್ಳಿಯಿಂದ

ಆ ಇಬ್ಬರು ತೀರ್ಪುಗಾರರು ಅ‍ನ್ನ ಬೇಕಂತಲೇ ಕೆಳಗ ಹಾಕ್ಯಾರ. ಹಿಂಗಾಗಬಾರದು ಅಂದ್ರ ಪ್ರತಿ ಸ್ಪರ್ಧಿಯ ಅತಿ ಮೇಲಿನದೊಂದು, ಅತಿ ಕೆಳಗಿನದೊಂದು ಸ್ಥಾನ ತೆಗೆದು ಉಳಿದದ್ದು ಕೂಡಿಸಬೇಕು. ಮುಗೀತು.

ಬೆಂಗಳೂರಿನಿಂದ

ಅರ್ಧ ಸರಿ. ಅವರ ಮನಸ್ಸಿನಲ್ಲಿದ್ದದ್ದು ಬ, ಅ, ಕ ಆಗಿದ್ದರೆ ಅ‍ಗೆ 8 ಬಂದು ಅ ಗೆಲ್ಲುತ್ತಿತ್ತು. ಎದುರಾಳಿಯನ್ನು ಕೊನೆಗೆ ತಳ್ಳಿ ತಮ್ಮವರನ್ನು ಗೆಲ್ಲಿಸುವುದು ಬೋರ್ಡಾ ಪದ್ಧತಿಯ ಹಳೆಯ ರೋಗ. ತನ್ನ ಪದ್ಧತಿ ಪ್ರಾಮಾಣಿಕರಿಗೆ ಮಾತ್ರ ಎಂದು ಬೋರ್ಡಾ ಅವರೇ ಹೇಳಿದರೆನ್ನುತ್ತಾರೆ. 1770ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇದನ್ನು ಮಂಡಿಸಿದ ನೌಕಾಪಡೆಯ ಅಧಿಕಾರಿ ಅವರು. ಆದರೆ ಆ ಇಬ್ಬರು ಬೇಕೆಂದೇ ಹಾಗೆ ಬರೆದರೋ, ಅ‍ಯ ಹಾಡುಗಾರಿಕೆ ನಿಜಕ್ಕೂ ಹಿಡಿಸಲಿಲ್ಲವೋ, ಚೀಟಿ ನೋಡಿ ಹೇಳಲಾಗದು.

ನಿಮ್ಮ ಔಷಧವನ್ನೇ ಹಾಕಿ ನೋಡೋಣ. ಅ‍ಯ ಸ್ಥಾನಗಳು 1, 1, 1, 3, 3. ತುದಿಗಳನ್ನು ತೆಗೆದರೆ 1, 1, 3, ಮೊತ್ತ 5. ಬ‍ಯದು 1, 1, 2, 2, 2. ತೆಗೆದರೆ 1, 2, 2, ಮೊತ್ತ ಮತ್ತೆ 5! ಒಂದೊಂದನ್ನೇ ತೆಗೆಯುವುದು ಒಬ್ಬನೇ ಕೈಚಳಕ ತೋರಿದಾಗ ಸಹಾಯಕ್ಕೆ ಬರುತ್ತದೆ, ಇಬ್ಬರು ಸೇರಿದರೆ ಇಲ್ಲ. ಐದು ಸ್ಥಾನಗಳನ್ನು ಸಾಲಾಗಿಟ್ಟು ನಡುವಿನದನ್ನು ಹಿಡಿದರೆ ಅ‍ಗೆ 1, ಬ‍ಗೆ 2, ಆಗ ಅ ಗೆಲ್ಲುತ್ತದೆ. ಆದರೆ ಹನ್ನೆರಡು ಜನರಿದ್ದಾಗ ನಡುವಿನ ಸ್ಥಾನ ಅನೇಕರಿಗೆ ಸಮ ಬಂದು, ಅದನ್ನು ಬಿಡಿಸಲು ಇನ್ನೊಂದು ನಿಯಮ ಬೇಕಾಗುತ್ತದೆ.

ಧಾರವಾಡದಿಂದ

ಎಲ್ಲರೂ ಅ‍ಗೆ ಅನ್ಯಾಯವಾಯಿತೆಂದೇ ಹೇಳುತ್ತಿದ್ದೀರಿ. ಬ‍ಯನ್ನು ಯಾರೂ ಎರಡಕ್ಕಿಂತ ಕೆಳಗೆ ಹಾಕಿಲ್ಲ. ಅ‍ಯನ್ನು ಇಬ್ಬರು ಕೊನೆಗೆ ಹಾಕಿದ್ದಾರೆ. ಹಾಡಿನ ಸ್ಪರ್ಧೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾದವರಿಗೆ ಬಹುಮಾನ ಸಿಕ್ಕರೆ ತಪ್ಪೇನು?

ಬೆಂಗಳೂರಿನಿಂದ

ತಪ್ಪಿಲ್ಲ, ಬೋರ್ಡಾ ಪದ್ಧತಿಯ ಪರವಾಗಿ ಹೇಳಬಹುದಾದ ಗಟ್ಟಿ ಮಾತೂ ಅದೇ. ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡಬೇಕೆಂದು ಅದೇ ಕಾಲದ ಫ್ರೆಂಚ್ ಗಣಿತಜ್ಞ ಕೊಂಡೊರ್ಸೆ ವಾದಿಸಿದ. ಅವನ ಲೆಕ್ಕದಲ್ಲಿ ಅ ಬ‍ಯನ್ನು 3–2ರಿಂದ ಸೋಲಿಸುತ್ತದೆ. ಆ ದಾರಿಯಲ್ಲೂ ತೊಡಕಿದೆ: ಅ ಬ‍ಯನ್ನು, ಬ ಕ‍ಯನ್ನು, ಕ ಮತ್ತೆ ಅ‍ಯನ್ನು ಸೋಲಿಸುವ ಸುತ್ತು ಬಂದುಬಿಡಬಹುದು. ಯಾವುದು ಬೇಕೆಂದು ಸಮಿತಿ ಸ್ಪರ್ಧೆಗೆ ಮೊದಲೇ ಬರೆದಿಡಲಿ, ಚೀಟಿ ಬಿಚ್ಚಿದ ಮೇಲಲ್ಲ.

ಮೈಸೂರಿನಿಂದ

ಹಾಗಾದರೆ "ಬಹುಮತ" ಬಿಟ್ಟೆ. "ಸ್ಥಾನಾಂಕಗಳ ಒಟ್ಟು ಲೆಕ್ಕದಂತೆ" ಎಂದರೆ ನಡೆಯುತ್ತದೆಯೇ?

ಪುತ್ತೂರಿನಿಂದ

ಸ್ಥಾನಾಂಕ ಎಂದರೆ ಮತ್ತೆ ಸ್ಥಾನವೋ ಅಂಕವೋ ಎಂದು ಕೇಳ್ತಾರೆ, ನೋಡಿ.