ಪದಚರ್ಚೆ: ಪಾಸಿಟಿವಿಸಂ, ಇಂಟರ್‌ಪ್ರೆಟಿವಿಸಂಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)
ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರಿಗೆ ಸರ್ಕಾರ ಕೊಡುವ 180 ಕಬ್ಬಿಣಾಂಶದ ಮಾತ್ರೆಗಳನ್ನು ಕೆಲವರು ಯಾಕೆ ಪೂರ್ತಿ ನುಂಗುವುದಿಲ್ಲ ಅನ್ನೋದು ನನ್ನ ವಿಷಯ. ಪ್ರಬಂಧ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸಂಶೋಧನೆ ಹೇಗೆ ಮಾಡಬೇಕು ಅನ್ನೋ ಎರಡು ನಿಲುವುಗಳ ಹೆಸರಲ್ಲಿ ಸಿಕ್ಕಿಬಿದ್ದಿದ್ದೇನೆ. ಪಾಸಿಟಿವಿಸಂಗೆ ‘ಧನಾತ್ಮಕವಾದ’ ಅಂದರೆ ಸರಿಯಾಗುತ್ತಾ? ಇಂಟರ್‌ಪ್ರೆಟಿವಿಸಂಗೆ ಏನು ಬರೆಯಲಿ?

ಮರು (ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು)
‘ಸಕಾರಾತ್ಮಕ ಚಿಂತನೆ’ ಅಂತ ಎಲ್ಲರೂ ಬಳಸುತ್ತಾರಲ್ಲ, ಅದನ್ನೇ ಇಟ್ಟುಕೊಳ್ಳಿ.

ಮರು (ಪದವಿ ಕಾಲೇಜು ಉಪನ್ಯಾಸಕ, ತುಮಕೂರು)
ಅದು ಬೇರೆ ಸರ್. ಇಲ್ಲಿ ಒಂದು ಅಂಕಿಗಳ ದಾರಿ, ಇನ್ನೊಂದು ಮಾತುಗಳ ದಾರಿ. ‘ಸಂಖ್ಯಾವಾದ’, ‘ವಿವರಣಾವಾದ’ ಅಂದರೆ ಸಾಕು.

ಮರು (ಸಮಾಜಶಾಸ್ತ್ರ ಪ್ರಾಧ್ಯಾಪಕಿ, ಬೆಂಗಳೂರು)
ಅರ್ಧ ನಿಜ. ಮೂವತ್ತು ಸಂದರ್ಶನ ಮಾಡಿ, ‘ಭಯ’ ಅನ್ನೋ ಪದ ಎಷ್ಟು ಸಲ ಬಂತು ಅಂತ ಇಬ್ಬರು ಬೇರೆಬೇರೆಯಾಗಿ ಎಣಿಸಿ, ಲೆಕ್ಕ ತಾಳೆಯಾದರೆ ಮಾತ್ರ ಒಪ್ಪಿದರೆ, ಸಾಮಗ್ರಿ ಮಾತಾದರೂ ನಿಲುವು ಪಾಸಿಟಿವಿಸಂನದೇ. ನೋಡುವವರು ಯಾರೇ ಆದರೂ ಉತ್ತರ ಒಂದೇ ಇರಬೇಕು ಅನ್ನೋದು ಅದರ ನಂಬಿಕೆ. ಈ ವಾದವನ್ನು ಕಟ್ಟಿದ ಫ್ರೆಂಚ್ ಚಿಂತಕ ಕಾಮ್ಟ್ ‘ಪಾಸಿಟಿವ್’ ಅಂದಾಗ ನೋಡಿ ಖಚಿತ ಮಾಡಿಕೊಳ್ಳಬಹುದಾದದ್ದು ಅಂತ ಅರ್ಥ. ‘ಧನಾತ್ಮಕ’ ಖಂಡಿತ ಬೇಡ.

ನಿಮ್ಮ ವಿಷಯಕ್ಕೇ ಬರೋಣ. ಪಾಸಿಟಿವಿಸ್ಟ್ ಆದರೆ, ‘ಆಸ್ಪತ್ರೆ ದೂರವಾದಷ್ಟೂ ಮಾತ್ರೆ ನುಂಗುವುದು ಕಡಿಮೆ’ ಅನ್ನೋ ಊಹೆಯನ್ನು ಮೊದಲೇ ಬರೆದಿಡುತ್ತೀರಿ. ‘ನುಂಗಿದರು’ ಅಂದರೆ ಎಷ್ಟು ಮಾತ್ರೆ ಅಂತ ಗೆರೆ ಎಳೆಯುತ್ತೀರಿ. ತಾಯಿ ಕಾರ್ಡ್ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಹೆಸರು ಆರಿಸಿ, ಎಲ್ಲರಿಗೂ ಒಂದೇ ಪ್ರಶ್ನಾವಳಿ ಕೊಡುತ್ತೀರಿ. ನಡುವೆ ಪ್ರಶ್ನೆ ಬದಲಿಸಿದರೆ ಕೆಲಸ ಕೆಟ್ಟಿತು.

ಇಂಟರ್‌ಪ್ರೆಟಿವಿಸಂ ದಾರಿಯಲ್ಲಿ, ಆ ಮಾತ್ರೆ ಆಕೆಗೆ ಏನಾಗಿ ಕಾಣುತ್ತದೆ ಅಂತ ಕೇಳುತ್ತೀರಿ. ‘ಉಷ್ಣ ಆಗುತ್ತೆ’, ‘ಮಗು ದಪ್ಪ ಆಗಿ ಹೆರಿಗೆ ಕಷ್ಟ’ ಅಂತಾರೆ. ಪ್ರಶ್ನಾವಳಿಯಲ್ಲಿ ‘ಉಷ್ಣ’ಕ್ಕೆ ಜಾಗವೇ ಇಲ್ಲದಿದ್ದರೆ ಅದು ‘ಇತರೆ’ಗೆ ಬಿದ್ದು ಕಳೆದುಹೋಗುತ್ತೆ. ಇಲ್ಲಿ ಆ ಮಾತು ಕೇಳಿದ ಮೇಲೆ ಮುಂದಿನ ಮನೆಯಲ್ಲಿ ಅತ್ತೆಯನ್ನೂ ಮಾತಾಡಿಸಬೇಕು ಅನ್ನಿಸಬಹುದು. ಪ್ರಶ್ನೆ ಬದಲಾಗುವುದೇ ಇಲ್ಲಿ ಸರಿ. ಆದರೆ ಹದಿನೈದು ಮನೆ ನೋಡಿ ‘ತಾಲ್ಲೂಕಿನಲ್ಲಿ ಶೇಕಡಾ ಇಷ್ಟು’ ಅನ್ನುವ ಹಾಗಿಲ್ಲ.

ಪದ? ಇಂಟರ್‌ಪ್ರೆಟಿವಿಸಂಗೆ ‘ಅರ್ಥೈಸುವಾದ’ ನನಗೆ ಹಿಡಿಸುತ್ತೆ. ಪಾಸಿಟಿವಿಸಂಗೆ ‘ಪ್ರತ್ಯಕ್ಷವಾದ’ ಬಳಕೆಯಲ್ಲಿದೆ, ಆದರೆ ಓದುಗರು ಅದನ್ನು ಕಂಡದ್ದೇ ನಿಜ ಅನ್ನುವ ಚಾರ್ವಾಕರ ಪ್ರತ್ಯಕ್ಷ ಪ್ರಮಾಣ ಅಂದುಕೊಳ್ಳಬಹುದು.

ಮರು (ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ)
ಪದದ ವಿಷಯ ನಂಗೆ ಗೊತ್ತಿಲ್ಲ ಮೇಡಂ. ನಾನು ಕೇಳಿದರೆ ಎಲ್ಲರೂ ‘ನುಂಗಿದ್ದೇನೆ ಅಕ್ಕ’ ಅಂತಾರೆ, ಮಾತ್ರೆ ಡಬ್ಬಿಯಲ್ಲಿ ಹಾಗೇ ಇರುತ್ತೆ. ತಂಗಿ, ಯಾರು ಹೋಗಿ ಕೇಳ್ತೀರಿ ಅನ್ನೋದನ್ನ ಮೊದಲು ನೋಡಿ.

ಮರು (ಪ್ರಾಧ್ಯಾಪಕಿ)
ಇದು ಮುಖ್ಯ ಮಾತು. ಪಾಸಿಟಿವಿಸ್ಟ್ ಇದನ್ನು ತಪ್ಪು ಉತ್ತರ ಅಂತ ತಿಳಿದು ಉಳಿದ ಮಾತ್ರೆ ಎಣಿಸುತ್ತಾರೆ. ಇನ್ನೊಬ್ಬರು, ಆಶಾ ಎದುರು ಹಾಗೇಕೆ ಹೇಳಬೇಕಾಯಿತು ಅಂತ ಕೇಳಿ ಅದನ್ನೇ ಸಾಮಗ್ರಿ ಮಾಡಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು
‘ಅರ್ಥೈಸುವಾದ’ ತಗೊಂಡೆ ಮೇಡಂ. ಮೊದಲನೆಯದನ್ನು ಸದ್ಯಕ್ಕೆ ‘ಪಾಸಿಟಿವಿಸಂ’ ಅಂತಲೇ ಬಿಡುತ್ತೇನೆ. ಗೈಡ್ ಎರಡೂ ಸೇರಿಸಿ ಮಾಡು ಅಂತಾರೆ. ನಂಬಿಕೆಗಳೇ ಬೇರೆಯಾದರೆ ಒಂದೇ ಪ್ರಬಂಧದಲ್ಲಿ ಸೇರಿಸಲು ಬರುತ್ತಾ?