ವರ್ಕ್‌ಶೀಟ್‌ನ್ಯಾಗ ‘ವಿವರಿಸಿ’, ‘ತಿಳಿಸಿ’ ಬದ್ಲಿ ಏನ್ ಬರೀಬೇಕು?

ಕುಷ್ಟಗಿ ಟೀಚರ್:
ನಮಸ್ಕಾರ್ರಿ ಎಲ್ಲಾರ್ಗೂ. 8ನೇ ಕ್ಲಾಸಿಗೆ ಸಮಾಜ ವರ್ಕ್‌ಶೀಟ್ ಮಾಡಾಕತ್ತೀನಿ, 10 ಪ್ರಶ್ನೆದಾಗ 6ಕ್ಕ ‘ವಿವರಿಸಿ’, 4ಕ್ಕ ‘ತಿಳಿಸಿ’ ಅಂತನ ಬಂದೈತಿ. ಇವಕ್ಕ ಬದ್ಲಿ ಹುಡುಗ್ರಿಗೆ ತಿಳಿಯುವಂಥ ಬ್ಯಾರೆ ಪದ ಯಾವ ಅದಾವ್ರಿ, ನೀವೆಲ್ಲ ಏನ್ ಬಳಸ್ತೀರಿ?

ಸಿಂಧನೂರು ಪ್ರೈಮರಿ:
ಮೇಡಂ ಮನ್ಯಾಗ ನಾವು ಏನಂತೀವಿ, ‘ಸ್ವಲ್ಪ ಬಿಡಿಸಿ ಹೇಳಪಾ’ ಅಂತೀವಲ್ಲ, ಅದನ್ನ ಹಾಕ್ರಿ, ‘ಬಿಡಿಸಿ ಬರೆಯಿರಿ’ ಅಂತ. ಹುಡುಗ್ರಿಗೆ ಪಟ್ನ ತಿಳಿತದ. ಇನ್ನೊಂದು ‘ನಿರೂಪಿಸಿ’, ಅದೂ ವಿವರಿಸಿ ಅಂದಂಗನ. ಒಂದ ಪದ ಹತ್ತ್ ಸಲ ಬರೋದಕ್ಕಿಂತ ಒಂದೊಂದ್ ಪ್ರಶ್ನೆಗೆ ಒಂದೊಂದು ಬದ್ಲಿ ಮಾಡಿ ಹಾಕಿದ್ರ ಶೀಟ್ ನೋಡಾಕೂ ಛಂದ ಕಾಣ್ತದ.

ಬಳ್ಳಾರಿ ಕಾವ್ಯಪ್ರಿಯ:
ಹೇಳು ಅನ್ನೋದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಪದ ಇದಾವೆ ಮೇಡಂ. ನುಡಿ, ಅರುಹು, ಉಸುರು, ಒರೆ, ಹಳಗನ್ನಡದ ಪೇಳ್. ಒಂದು ಕಡೆ ಈ ಪದಗಳು, ಇನ್ನೊಂದು ಕಡೆ ವಾಕ್ಯಗಳು ಕೊಟ್ಟು ಹೊಂದಿಸಿ ಬರೆಯಿರಿ ಅಂತ ಮಾಡಿಸಿ, ಮಕ್ಕಳು ತುಂಬಾ ಇಷ್ಟಪಡ್ತಾರೆ, ನಮ್ಮ ಮನೆ ಮಕ್ಕಳಿಗೆ ನಾನು ಹೀಗೇ ಕಲ್ಸಿದ್ದು.

ಕುಷ್ಟಗಿ ಟೀಚರ್:
ಸರ್, ನನಗ ಬೇಕಾಗಿದ್ದು ಪ್ರಶ್ನೆ ಕೊನಿಗೆ ಹಾಕೋ ಸೂಚನೆ ಪದರಿ, ಸಮಾನಾರ್ಥಕ ಪದದ ಅಭ್ಯಾಸ ಅಲ್ರಿ. ಆದ್ರ ಕನ್ನಡ ಮೇಡಂಗೆ ಇದನ್ನ ಕೊಡ್ತೀನಿ.

ಲಿಂಗಸುಗೂರು ಸಮಾಜ ಮೇಷ್ಟ್ರು:
ಟೀಚರ್, ನಾನು 19 ವರ್ಷದಿಂದ ಹೈಸ್ಕೂಲ್‌ನ್ಯಾಗ ಸಮಾಜ ಹೇಳಾಕತ್ತೀನಿ. ಮೊದ್ಲು ಸಿಂಧನೂರು ಸರ್ ಹೇಳಿದ್ದಕ್ಕ ಒಂದ್ ಮಾತು. ‘ಬಿಡಿಸಿ ಹೇಳು’ ಅನ್ನೋದು ಮಾತಿನ್ಯಾಗ ಭಾಳ ಛಲೋ ಪದ, ಆದ್ರ ಶೀಟಿನ ಮ್ಯಾಲೆ ಬಂದ್ರ ಹುಡುಗ್ರ ತಲಿಯಾಗ ಅದಕ್ಕ ಆಗ್ಲೇ ಮೂರು ಅರ್ಥ ಕುಂತಿರ್ತಾವ. ಕನ್ನಡ ವ್ಯಾಕರಣದಾಗ ‘ಬಿಡಿಸಿ ಬರೆಯಿರಿ’ ಅಂದ್ರ ಸಂಧಿ ಬಿಡಿಸೋದು, ಗಣಿತದಾಗ ‘ಬಿಡಿಸಿ’ ಅಂದ್ರ ಲೆಕ್ಕ ಮಾಡೋದು, ವಿಜ್ಞಾನದಾಗ ‘ಚಿತ್ರ ಬಿಡಿಸಿ’ ಅಂದ್ರ ಪೆನ್ಸಿಲ್ ತಗೊಂಡು ಚಿತ್ರ ತೆಗೆಯೋದು. ನಾ ಒಮ್ಮೆ ‘ಅಶೋಕನ ಧರ್ಮದ ಅರ್ಥ ಬಿಡಿಸಿ ಬರೆಯಿರಿ’ ಅಂತ ಕೊಟ್ಟಿದ್ದೆ, ಇಬ್ಬರು ಹುಡುಗ್ರು ‘ಅಶೋಕನ’ ಅನ್ನೋ ಪದಾನ್ನ ಬಿಡಿಸಿ ಅಶೋಕ + ಅನ ಅಂತ ಬರ್ದಿದ್ರು. ತಪ್ಪು ಅವರದಲ್ಲ, ನಾ ಕೇಳಿದ್ದ ಹಂಗಿತ್ತು.

‘ನಿರೂಪಿಸಿ’ ಇನ್ನೂ ಕಷ್ಟ ನೋಡ್ರಿ. ಕನ್ನಡ ಪಾಠದಾಗ ‘ಕಥೆಯನ್ನು ನಿರೂಪಿಸಿ’ ಅಂದ್ರ ಮೊದಲಿನಿಂದ ಕೊನಿತನಕ ಕಥಿ ಹೇಳಬೇಕು, ಒಂದ್ ಪುಟ ಆದ್ರೂ ಆಗ್ತದ. ಅದೇ ವಿಜ್ಞಾನದಾಗ ‘ಓಮ್‌ನ ನಿಯಮವನ್ನು ನಿರೂಪಿಸಿ’ ಅಂದ್ರ ನಿಯಮ ಏನದನೋ ಅಷ್ಟ ಒಂದ ವಾಕ್ಯದಾಗ ಬರೀಬೇಕು, ವಿವರಣಿ ಬ್ಯಾಡ. ಗಣಿತದಾಗ ‘ಪ್ರಮೇಯ ನಿರೂಪಿಸಿ ಮತ್ತು ಸಾಧಿಸಿ’ ಅಂತ ಬರ್ತದಲ್ಲ, ಅಲ್ಲೂ ನಿರೂಪಿಸೋದು ಒಂದ ವಾಕ್ಯ, ಉಳಿದ ಕೆಲಸೆಲ್ಲ ಸಾಧಿಸೋದ್ರಾಗ. ಹಂಗಾಗಿ ಅದನ್ನ ‘ವಿವರಿಸಿ’ ಬದ್ಲಿ ಹಾಕಬ್ಯಾಡ್ರಿ. ಛಂದ ಕಾಣ್ತದ ಅಂತ ಪದ ಬದ್ಲಿ ಮಾಡಿದ್ರ ಹುಡುಗ ಅದನ್ನ ಬ್ಯಾರೆ ಕೆಲಸ ಅಂತ ತಿಳ್ಕೊತಾನ.

ಈಗ ನಾ ಮಾಡೋ ಪದ್ಧತಿ ಹೇಳ್ತೀನಿ. ಮೊದ್ಲು ಪದ ಹುಡುಕೋದಿಲ್ಲ, ಪ್ರಶ್ನೆಗೆ ಉತ್ತರ ನಾನ ಬರ್ದ್ ನೋಡ್ತೀನಿ, ಆ ಉತ್ತರ ಹೆಂಗ ಬಂತು ಅನ್ನೋದ್ರ ಮ್ಯಾಲೆ ಪದ ಸಿಗ್ತದ. ಉತ್ತರ ಬರೇ ಹೆಸರುಗಳಾಗಿದ್ರ ‘ಹೆಸರಿಸಿ’. ಉತ್ತರದಾಗ ಎರಡ್ಮೂರು ಸಲ ‘ಯಾಕಂದ್ರ’ ಬಂದ್ರ ‘ಕಾರಣ ಕೊಡಿ’. ಮೊದ್ಲು ಹಿಂಗ, ಆಮ್ಯಾಲೆ ಹಂಗ ಅಂತ ಸಾಗಿದ್ರ ‘ಕ್ರಮವಾಗಿ ಬರೆಯಿರಿ’. ಕಣ್ಣಿಗೆ ಕಾಣೋದನ್ನ ಹೇಳೋದಿದ್ರ ‘ವರ್ಣಿಸಿ’. ಹೆಂಗ ಆಯ್ತು ಅಂತ ತಿಳಿಸಿ ಹೇಳೋ ಉತ್ತರ ಬಂದ್ರ ಮಾತ್ರ ‘ವಿವರಿಸಿ’ ಉಳಿಸ್ತೀನಿ.

ಒಂದು ಉದಾಹರಣೆ ಕೊಡ್ತೀನಿ, ನಮ್ಮ ಕಡೀದ. ಮೊದ್ಲು ನನ್ನ ಶೀಟಿನ್ಯಾಗ ‘ಮಸ್ಕಿ ಶಾಸನದ ಬಗ್ಗೆ ವಿವರಿಸಿ’ ಅಂತ 4 ಮಾರ್ಕ್ಸ್ ಪ್ರಶ್ನೆ ಇರ್ತಿತ್ತು. ಅರ್ಧ ಕ್ಲಾಸ್ ಪುಸ್ತಕದಾಗಿನ ಪ್ಯಾರಾ ಹಂಗ ಇಳಿಸ್ತಿತ್ತು, ಉಳಿದವರು ‘ಮಸ್ಕಿ ರಾಯಚೂರು ಜಿಲ್ಲೆಯಲ್ಲಿದೆ’ ಅಂತ ಒಂದ ಸಾಲು. ಎರಡಕ್ಕೂ ಮಾರ್ಕ್ಸ್ ಹೆಂಗ ಹಾಕೋದು ಅಂತ ನನಗ ಗೊತ್ತಾಗ್ತಿರಲಿಲ್ಲ, ಯಾಕಂದ್ರ ನಾನು ಏನ್ ಕೇಳೀನಿ ಅಂತ ನನಗ ಖಾತ್ರಿ ಇರಲಿಲ್ಲ. ಆಮ್ಯಾಲೆ ಅದನ್ನ ಮೂರು ಮಾಡಿದೆ:

‘ಮಸ್ಕಿ ಶಾಸನ ಬೆಳಕಿಗೆ ಬಂದ ವರ್ಷ ಬರೆಯಿರಿ.’ ಉತ್ತರ 1915, ಮುಗೀತು.

‘ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಅಶೋಕನ ಶಾಸನ ಸಿಕ್ಕಿರುವ ಮೂರು ಸ್ಥಳಗಳನ್ನು ಹೆಸರಿಸಿ.’ ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಸಿರುಗುಪ್ಪ ಕಡೆ ನಿಟ್ಟೂರು, ಉಡೆಗೋಳ, ಇದ್ರಾಗ ಯಾವ ಮೂರು ಬರ್ದ್ರೂ ಸರಿ.

‘ಪ್ರಿಯದರ್ಶಿ ಎಂದರೆ ಅಶೋಕನೇ ಎಂದು ತಿಳಿಯಲು ಮಸ್ಕಿ ಶಾಸನ ಹೇಗೆ ನೆರವಾಯಿತು? ನಿಮ್ಮ ಮಾತಿನಲ್ಲಿ ವಿವರಿಸಿ.’ ಇಲ್ಲಿ ‘ವಿವರಿಸಿ’ಗೆ ಕೆಲಸ ಅದ. ಅಲ್ಲಿತನಕ ಸಿಕ್ಕ ಶಾಸನದಾಗ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತನ ಇತ್ತು, ಮಸ್ಕಿ ಬಂಡೆಗಲ್ಲಿನ ಮ್ಯಾಲೆ ಅಶೋಕ ಅನ್ನೋ ಹೆಸರ ಸಿಕ್ತು, ಅದರಿಂದ ಇಬ್ಬರೂ ಒಬ್ಬನ ಅಂತ ಗಟ್ಟಿ ಆಯ್ತು. ಈ ಮೂರು ಮಾತು ಒಂದಕ್ಕೊಂದು ಜೋಡಿಸಿ ಬರ್ದವ್ನಿಗೆ ಪೂರ್ತಿ ಮಾರ್ಕ್ಸ್. (ಅಂದಂಗ ‘ಅಶೋಕನ ಹೆಸರಿರುವ ಏಕೈಕ ಶಾಸನ’ ಅಂತ ಶೀಟಿನ್ಯಾಗ ಹಾಕಬ್ಯಾಡ್ರಿ, ನಿಟ್ಟೂರು, ಉಡೆಗೋಳದಾಗೂ ಆ ಹೆಸರು ಅದ.)

ಸಿಂಧನೂರು ಪ್ರೈಮರಿ:
ಸಂಧಿ ವಿಷಯ ನನಗ ಹೊಳೀಲೇ ಇಲ್ರಿ ಸರ್, ನಾನು 2ನೇ ಕ್ಲಾಸ್ ನಲಿ-ಕಲಿ ಮಕ್ಕಳಿಗೆ ಹೇಳೋನು, ಅಲ್ಲಿ ಸಂಧಿ ಇಲ್ಲ. ಆದ್ರ ‘ಹೇಳಿ’ ಹಾಕಬಹುದಲ್ಲ? ಅದಕ್ಕಿಂತ ಸರಳ ಪದ ಯಾವುದೈತಿ.

ಲಿಂಗಸುಗೂರು ಸಮಾಜ ಮೇಷ್ಟ್ರು:
ನಿಮ್ಮ ಕ್ಲಾಸಿನ್ಯಾಗ ಸರಿ ಅದ, ಯಾಕಂದ್ರ ಅಲ್ಲಿ ಮಕ್ಕಳು ಬಾಯಿಲೆ ಹೇಳ್ತಾವ. ಬರಿಯೋ ಶೀಟಿನ್ಯಾಗ ‘ಹೇಳಿ’ ಹಾಕಿದ್ರ ಕೆಲವು ಹುಡುಗ್ರು ಜಾಗ ಖಾಲಿ ಬಿಟ್ಟು ನಮ್ಮ ಕಡೆ ಬಂದು ಹೇಳಾಕ ನಿಂತ್ಕೊತಾರ. ಬಾಯಿಲೆ ಹೇಳೋದಕ್ಕ ‘ಹೇಳಿ’, ಕೈಲೆ ಬರಿಯೋದಕ್ಕ ‘ಬರೆಯಿರಿ’, ಇಷ್ಟು ಬ್ಯಾರೆ ಇಟ್ಕೋರಿ. ‘ತಿಳಿಸಿ’ ಇವೆರಡರ ನಡುವ ನೇತಾಡ್ತದ, ಅದಕ್ಕ ನಾ ಅದನ್ನ ಭಾಳ ಕಮ್ಮಿ ಬಳಸ್ತೀನಿ. ‘ವ್ಯತ್ಯಾಸ ತಿಳಿಸಿ’ ಅಂದಾಗಂತೂ ಹುಡುಗ್ರು ಒಂದ ಕಡೀದು ಬರ್ದು ಬಿಡ್ತಾರ. ಎರಡು ಕಾಲಂ ಗೆರಿ ಹೊಡ್ದು ಕೊಟ್ಟು ‘ಎರಡು ವ್ಯತ್ಯಾಸ ಬರೆಯಿರಿ’ ಅಂದ್ರ ಎರಡೂ ಕಡೆ ತುಂಬ್ತಾರ.

ಬಳ್ಳಾರಿ ಇಂಗ್ಲಿಷ್ ಮೀಡಿಯಂ:
ನಮ್ಮ ಕಡೆ ಇದೇ ಸಮಸ್ಯೆ ಇಂಗ್ಲಿಷ್‌ನಲ್ಲೂ ಇದೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸ್ಟೇಟ್ ಮೂರನ್ನೂ ನಮ್ಮ ಟೀಚರ್ಸು ಕನ್ನಡದಲ್ಲಿ ‘ವಿವರಿಸಿ’ ಅಂತಾನೇ ಹೇಳ್ಕೊಡ್ತಾರೆ, ಆಮೇಲೆ ಮಕ್ಕಳು ಮೂರಕ್ಕೂ ಒಂದೇ ತರ ಬರೀತಾರೆ. ಡಿಸ್ಕ್ರೈಬ್ ಅಂದ್ರೆ ಹೇಗಿದೆ ಅನ್ನೋದು, ಎಕ್ಸ್‌ಪ್ಲೇನ್ ಅಂದ್ರೆ ಯಾಕೆ ಹೇಗೆ ಅನ್ನೋದು, ಸ್ಟೇಟ್ ಅಂದ್ರೆ ಇದ್ದದ್ದನ್ನ ಚಿಕ್ಕದಾಗಿ ಬರೆದು ನಿಲ್ಲಿಸೋದು. ನಮ್ಮ 6ನೇ ಕ್ಲಾಸ್ ಹುಡುಗಿ ಒಬ್ಬಳು ‘ಸ್ಟೇಟ್’ ಅಂತ ನೋಡಿ ಮುಂದೆ ‘ಕರ್ನಾಟಕ’ ಅಂತ ಬರೆದಿದ್ಲು, ಅವಳಿಗೆ ಗೊತ್ತಿದ್ದ ಅರ್ಥ ಅದೊಂದೇ. ಆವತ್ತಿಂದ ನಾನು ಸ್ಟೇಟ್ ಬಿಟ್ಟು ‘ರೈಟ್ ಇನ್ ಒನ್ ಸೆಂಟೆನ್ಸ್’ ಅಂತಾನೇ ಹಾಕ್ತೀನಿ. ಕನ್ನಡದಲ್ಲೂ ‘ಒಂದು ವಾಕ್ಯದಲ್ಲಿ ಬರೆಯಿರಿ’ ಅಂತ ಹಾಕಿ ಮೇಡಂ, ‘ತಿಳಿಸಿ’ ಬೇಕಾಗೋದೇ ಇಲ್ಲ.

ಗಂಗಾವತಿ ಅಮ್ಮ:
ನಾನು ಟೀಚರ್ ಅಲ್ರಿ, ಆದ್ರ ಮಗಳಿಗೆ ಮನ್ಯಾಗ ಕುಂದ್ರಿಸಿ ಶೀಟ್ ಮಾಡಿಸೋದು ನಾನ. ಮೊನ್ನೆ ಒಂದ್ ಪ್ರಶ್ನೆ ಬಂದಿತ್ತು, ‘ತುಂಗಭದ್ರಾ ಜಲಾಶಯದ ಉಪಯೋಗಗಳನ್ನು ಚರ್ಚಿಸಿ’ ಅಂತ, ಅಕಿ ‘ಮಮ್ಮಿ ಯಾರ ಜೋಡಿ ಚರ್ಚೆ ಮಾಡ್ಲಿ’ ಅಂತ ಕೇಳಿದ್ಲು, ನನಗೂ ಗೊತ್ತಾಗ್ಲಿಲ್ಲ. ಕೊನಿಗೆ ಅವರಪ್ಪನ್ನ ಕರ್ಕೊಂಡು ಬಂದು ಮೂರೂ ಜನ ಮಾತಾಡಿದ್ವಿ, ನಮ್ಮದು ಎಡದಂಡಿ ಕಾಲುವಿ ನೀರಿನ ಗದ್ದಿ ಆದ್ದರಿಂದ ಮಾತು ಭಾಳ ಆಯ್ತು, ಶೀಟಿನ್ಯಾಗ ಇದ್ದದ್ದು ಮಾತ್ರ ಎರಡ ಗೆರಿ ಜಾಗ. ಎಷ್ಟು ಬರೀಬೇಕು ಅಂತ ಒಂದ್ ಮಾತು ಹಾಕಿದ್ರ ನಮ್ಮಂಥವ್ರಿಗೂ ಅನುಕೂಲ ಆಗ್ತೈತ್ರಿ.

ಲಿಂಗಸುಗೂರು ಸಮಾಜ ಮೇಷ್ಟ್ರು:
ಅಕ್ಕಾರೆ, ಖರೇ ಹೇಳಿದ್ರಿ. ‘ಸರ್, ಎಷ್ಟು ಸಾಲು ಬರೀಬೇಕು’ ಅಂತ ಕ್ಲಾಸಿನ್ಯಾಗ ನಾಕು ಮಂದಿ ಕೈ ಎತ್ತಿದ್ರ ಪ್ರಶ್ನೆ ತಪ್ಪ್ಯಾದ ಅಂತ ನಾ ತಿಳ್ಕೊತೀನಿ. ‘ಚರ್ಚಿಸಿ’ ಗುಂಪಿನ ಚಟುವಟಿಕಿಗೆ ಇಡಬೇಕು. ಒಬ್ಬರ ಬರಿಯೋ ಶೀಟಿನ್ಯಾಗ ‘ಮೂರು ಉಪಯೋಗ ಬರೆಯಿರಿ’ ಅಂತ ಹಾಕಿ ಆರು ಗೆರಿ ಜಾಗ ಬಿಟ್ರ ಯಾರೂ ಕೇಳೋದಿಲ್ಲ.

ಬಳ್ಳಾರಿ ಇಂಗ್ಲಿಷ್ ಮೀಡಿಯಂ:
ಇದೊಂದು ಒಪ್ಪಲ್ಲ ಸರ್. ಎಲ್ಲಾನೂ ‘ಮೂರು ಬರೆಯಿರಿ, ಎರಡು ಬರೆಯಿರಿ’ ಅಂತ ಸರಳ ಮಾಡಿದ್ರೆ ಎಸ್ಸೆಸ್ಸೆಲ್ಸಿ ಪೇಪರ್‌ನಲ್ಲಿ ‘ಸಮರ್ಥಿಸಿ’ ಅಂತ ಬಂದಾಗ ಮಕ್ಕಳು ಏನ್ ಮಾಡ್ಬೇಕು? ಅಲ್ಲಿ ಯಾರೂ ಅರ್ಥ ಹೇಳಲ್ಲ. 8ನೇ ಕ್ಲಾಸಿಂದಾನೇ ಆ ಪದ ಕಣ್ಣಿಗೆ ಬೀಳ್ತಿರ್ಬೇಕು.

ಲಿಂಗಸುಗೂರು ಸಮಾಜ ಮೇಷ್ಟ್ರು:
ಬೀಳಲಿ, ಬ್ಯಾಡ ಅನ್ನೋದಿಲ್ಲ. ನಾ ‘ಸಮರ್ಥಿಸಿ’ ಹಾಕಿದಾಗ ಕೆಳಗ ‘ಈ ಮಾತು ಸರಿ ಎಂದು ತೋರಿಸುವ ಎರಡು ಕಾರಣ ಕೊಡಿ’ ಅಂತ ಒಂದ್ ಸಾಲು ಜೋಡಿಸ್ತೀನಿ, ವರ್ಷದ ಮೊದಲ ಮೂರು ನಾಕು ಶೀಟ್ ತನಕ, ಆಮ್ಯಾಲೆ ಆ ಸಾಲು ತೆಗೀತೀನಿ. ತೆಗೆದ ಮ್ಯಾಲೂ ಕೆಲವರು ಕಾರಣ ಬಿಟ್ಟು ಅದ ಹೇಳಿಕಿನ ತಿರುಗಿಸಿ ಬರೀತಾರ, ಅದಕ್ಕ ನನ್ಹತ್ರ ಪೂರ್ತಿ ಔಷಧ ಇಲ್ಲ. 10ನೇ ಕ್ಲಾಸಿಗೆ ನೀವಂದಂಗ ಬೋರ್ಡ್ ಪದನ ಇರಬೇಕು, 8ಕ್ಕ ಎಷ್ಟು ಅನ್ನೋದು ಆಯಾ ಕ್ಲಾಸ್ ನೋಡಿ ಹಾಕೋದು.

ಬಳ್ಳಾರಿ ಇಂಗ್ಲಿಷ್ ಮೀಡಿಯಂ:
ಮೂರು ನಾಲ್ಕು ಶೀಟ್‌ಗೆ ತೆಗೆದ್ರೆ ಬೇಗ ಆಯ್ತು ಅಂತ ನನಗನ್ಸುತ್ತೆ, ನಮ್ಮಲ್ಲಿ ದೀಪಾವಳಿ ತನಕ ಬೇಕಾಗುತ್ತೆ. ಇರಲಿ, ನಿಮ್ಮ ಮಕ್ಕಳು ನಿಮಗೆ ಗೊತ್ತು.

ಕುಷ್ಟಗಿ ಟೀಚರ್:
ಎಲ್ಲಾರ್ಗೂ ಥ್ಯಾಂಕ್ಸ್ ರಿ. ಮೇಷ್ಟ್ರು ಹೇಳಿದಂಗ ಮೊದ್ಲು ಉತ್ತರ ಬರ್ದು ನೋಡಿದೆ. ನನ್ನ 6 ‘ವಿವರಿಸಿ’ದಾಗ ಖರೇನ ವಿವರಿಸೋದು ಇದ್ದದ್ದು 2, ಮೂರಕ್ಕ ‘ಕಾರಣ ಕೊಡಿ’ ಆಯ್ತು, ಒಂದಕ್ಕ ‘ಹೆಸರಿಸಿ’. ‘ತಿಳಿಸಿ’ ನಾಕೂ ‘ಒಂದು ವಾಕ್ಯದಲ್ಲಿ ಬರೆಯಿರಿ’ ಆದ್ವು. ಒಂದ ಡೌಟ್ ಉಳಿದೈತಿ, ‘ಕಳಿಂಗ ಯುದ್ಧದ ಪರಿಣಾಮಗಳನ್ನು ವಿವರಿಸಿ’ ಅಂತ ಐತಿ, ಉತ್ತರ ಬರ್ದ್ರ ಅರ್ಧ ಪಟ್ಟಿ ಆಗ್ತೈತಿ ಅರ್ಧ ವಿವರಣಿ ಆಗ್ತೈತಿ. ಇದಕ್ಕ ಏನ್ ಹಾಕ್ಲಿ?

ಲಿಂಗಸುಗೂರು ಸಮಾಜ ಮೇಷ್ಟ್ರು:
ಎರಡು ಮಾಡ್ರಿ. ‘ಕಳಿಂಗ ಯುದ್ಧದ ಎರಡು ಪರಿಣಾಮಗಳನ್ನು ಬರೆಯಿರಿ’, ಅದರ ಕೆಳಗ ‘ಅವುಗಳಲ್ಲಿ ಒಂದು ಅಶೋಕನ ಆಡಳಿತವನ್ನು ಹೇಗೆ ಬದಲಿಸಿತು? ವಿವರಿಸಿ’. ಎರಡನೇದಕ್ಕ ಐದು ಗೆರಿ ಬಿಡ್ರಿ.