ಅಪ್‌ಡೇಟ್: ನಾಯಿ ನೋಟಿಸ್ ಕೊನೆಗೆ ಹೀಗಾಯಿತು

ನಾನು ಕೇಳಿದ್ದು: "ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾಯಿಗೆ ಲಿಫ್ಟ್ ಬಂದ್, ಗಲೀಜು ಮಾಡಿದರೆ 500 ರೂಪಾಯಿ ದಂಡ ಅಂತ ನೋಟಿಸ್ ಹಾಕಬಹುದಾ?"

ಅಪ್‌ಡೇಟ್: ಆ ನೋಟಿಸ್ ಹರಿದು ಹಾಕಿದೆವು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಓದಿದೆ. ನಾಯಿಗೆ ಲಿಫ್ಟ್ ಬಂದ್ ಮಾಡುವ ಹಾಗಿಲ್ಲ. ಒಂದಕ್ಕಿಂತ ಜಾಸ್ತಿ ಲಿಫ್ಟ್ ಇದ್ದರೆ ಒಂದನ್ನು ನಾಯಿಗಳಿಗೆ ಅಂತ ಗೊತ್ತು ಮಾಡಬಹುದು. ನಮ್ಮಲ್ಲಿ ಎರಡಿವೆ, ಹಿಂದಿನದನ್ನು ಬಿಟ್ಟುಕೊಟ್ಟೆವು. ದಂಡದ ಸಾಲೂ ಹೋಯಿತು. ಅದರ ಬದಲು ಗೇಟಿನ ಹತ್ತಿರ ಹಳೇ ಪೇಪರ್, ಮುಚ್ಚಳದ ಡಬ್ಬ ಇಟ್ಟಿದ್ದೇವೆ. ಮೊದಲು ಹೌಸ್‌ಕೀಪಿಂಗ್ ಅಕ್ಕನೇ ಬಳಿಯಬೇಕಿತ್ತು, ಪಾಪ. ಈಗ ಹೆಚ್ಚಿನವರು ತಾವೇ ಎತ್ತುತ್ತಾರೆ.

ಬೊಗಳುವುದೇ ದೊಡ್ಡ ತಲೆನೋವಾಗಿತ್ತು. "ನಾಯಿ ಬೊಗಳಬಾರದು" ಅಂತ ಸುಮ್ನೆ ಬರೆದರೆ ಅದು ಕೇಳುತ್ತದಾ? ಮೂರನೇ ಮಹಡಿಯ ನಾಯಿ ಯಾವಾಗ ಬೊಗಳುತ್ತದೆ ಅಂತ ಒಂದು ವಾರ ಬರೆದಿಟ್ಟೆವು. ಮನೆಯವರು ಕೆಲಸಕ್ಕೆ ಹೋದ ಮೇಲೆ ಬಾಲ್ಕನಿಯಲ್ಲಿ, ಡೆಲಿವರಿ ಹುಡುಗರನ್ನು ಕಂಡಾಗ! ಈಗ ಅದನ್ನು ಒಳಗಿನ ರೂಮಿನಲ್ಲಿ ಬಿಡುತ್ತಾರೆ, ಬೆಳಿಗ್ಗೆ ಚೆನ್ನಾಗಿ ಓಡಾಡಿಸುತ್ತಾರೆ. ಪೂರ್ತಿ ನಿಂತಿಲ್ಲ, ಆದರೆ ಕೆಳಗಿನ ಮನೆಯ ಅಜ್ಜಿ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾರೆ.